ಕೆಲಸ ಕೇಳದೆ ಕೆಲಸದ ಸುಳಿವು ಹಿಡಿದದ್ದು

ನಾನು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದವನು. ನರ್ಸರಿಯೊಂದರ ಗುತ್ತಿಗೆ ಕೆಲಸ ಮಾರ್ಚಿಗೆ ಮುಗಿಯುತ್ತೆ ಅಂತ ಗೊತ್ತಾದಾಗ ಮೊದಲು ಒಂದು ದಡ್ಡತನ ಮಾಡಿದೆ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ರೆಸ್ಯೂಮೆ ಹಾಕಿ, ‘ಎಲ್ಲಾದರೂ ಕೆಲಸ ಇದ್ದರೆ ತಿಳಿಸಿ’ ಎಂದು ಬರೆದೆ. ಏಳೆಂಟು ಹೆಬ್ಬೆಟ್ಟು ಬಂದವು, ಫೋನ್ ಒಂದೂ ಬರಲಿಲ್ಲ. ಸಂಜೆಯೊಳಗೆ ವಿರಾಜಪೇಟೆಯ ಚಿಕ್ಕಪ್ಪ ಮಾತ್ರ ‘ಕೆಲಸ ಹೋಯ್ತಂತಲ್ಲೋ?’ ಎಂದು ವಿಚಾರಿಸಿದರು.

ಆಮೇಲೆ ಅರ್ಥವಾಯಿತು. ಕೆಲಸ ಕೇಳಿದರೆ ಎದುರಿನವರು ಇದೆ ಅನ್ನಬೇಕು ಇಲ್ಲವೇ ಇಲ್ಲ ಅನ್ನಬೇಕು. ಎರಡೂ ಅವರ ಕೈಯಲ್ಲಿಲ್ಲ, ಹಾಗಾಗಿ ಸುಮ್ಮನಾಗುತ್ತಾರೆ. ಅವರ ಕೆಲಸದ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ಖಾಲಿ ಹುದ್ದೆ ಎನ್ನುವುದು ಜಾಹೀರಾತಾಗುವ ಮೊದಲು ಯಾರದೋ ಗೊಣಗಾಟವಾಗಿ ಇರುತ್ತದೆ. ನಾನು ಹುಡುಕಿದ್ದು ಆ ಗೊಣಗಾಟವನ್ನು.

LinkedIn-ನಲ್ಲಿ ಕಾಲೇಜಿನ ಪುಟದಲ್ಲಿ Alumni ಎಂಬ ಭಾಗವಿದೆ. ಅಲ್ಲಿ ಯಾರು ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಸೋಸಿ ನೋಡಬಹುದು. ಕಾಫಿ ವ್ಯವಹಾರದಲ್ಲಿದ್ದ ಆರು ಜನರನ್ನು ಆರಿಸಿಕೊಂಡೆ. ಎಲ್ಲರೂ ನನಗಿಂತ ಮೂರರಿಂದ ಏಳು ವರ್ಷ ಸೀನಿಯರ್‌ಗಳು. ತೀರಾ ಮೇಲಿನವರಿಗೆ ಯಾವ ಮೇಜಿನ ಮೇಲೆ ಕಡತ ರಾಶಿ ಬಿದ್ದಿದೆ ಅನ್ನುವುದು ಗೊತ್ತಿರುವುದಿಲ್ಲ. ಬರೆದದ್ದು ಇಷ್ಟೇ: ‘ಅಣ್ಣ, ನಾನು ನಿಮ್ಮ ಕಾಲೇಜಿನವನೇ. ಅರಣ್ಯ ಓದಿದವರು ಕಾಫಿ ರಫ್ತಿನಲ್ಲಿ ಏನು ಮಾಡುತ್ತಾರೆ ಅಂತ ತಿಳ್ಕೋಬೇಕಿತ್ತು. ಇಪ್ಪತ್ತು ನಿಮಿಷ ಸಿಗುತ್ತಾ? ಸಂಜೆ ಏಳರ ಮೇಲಾದರೂ ಸರಿ.’ ರೆಸ್ಯೂಮೆ ಕಳಿಸಲಿಲ್ಲ. ಕೊಯ್ಲಿನ ಕಾಲವಾದ್ದರಿಂದ ಹಗಲಲ್ಲಿ ಯಾರಿಗೂ ಫೋನ್ ಮಾಡಲೂ ಇಲ್ಲ.

ನಾಲ್ವರು ಮಾತಾಡಿದರು. ಎಲ್ಲರಿಗೂ ಎರಡು ಪ್ರಶ್ನೆ ತಪ್ಪದೆ ಕೇಳಿದೆ: ‘ಈ ಸೀಸನ್‌ನಲ್ಲಿ ಯಾವ ಕೆಲಸ ಹಿಂದೆ ಬಿದ್ದಿದೆ?’, ‘ಅದನ್ನ ಈಗ ಯಾರು ನೋಡ್ಕೊಳ್ತಾ ಇದ್ದಾರೆ?’ ಎರಡನೆಯದಕ್ಕೆ ‘ನಾನೇ, ಭಾನುವಾರ ಕೂತು’ ಅಂತ ಉತ್ತರ ಬಂದರೆ ಅಲ್ಲಿ ಒಬ್ಬರ ಜಾಗ ಇದೆ ಎಂದೇ ಲೆಕ್ಕ.

ಕುಶಾಲನಗರದ ಒಬ್ಬ ಸೀನಿಯರ್ ಹಾಗೇ ಅಂದರು. ಅವರ ತಲೆನೋವು ಯುರೋಪಿನ ಅರಣ್ಯನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಸ್ಥಳವನ್ನು ಅಕ್ಷಾಂಶ ರೇಖಾಂಶದಲ್ಲಿ ಕೊಡಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಪೂರ್ತಿ ಗಡಿಯನ್ನೇ ಬಿಡಿಸಬೇಕು. ನಿಯಮ ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ಖರೀದಿದಾರರು ನಕ್ಷೆ ಕೇಳುವುದನ್ನು ಬಿಟ್ಟಿರಲಿಲ್ಲ. ಹುಡುಗರು ಫೋನ್ ಹಿಡಿದು ತೋಟ ಸುತ್ತುತ್ತಾರೆ. ನೆರಳು ಮರಗಳ ಕೆಳಗೆ ಜಿಪಿಎಸ್ ಅತ್ತಿತ್ತ ಜಿಗಿದು ಗಡಿಗೆರೆ ತನ್ನನ್ನೇ ಕತ್ತರಿಸಿಕೊಂಡು ಎಂಟರ ಆಕಾರವಾಗುತ್ತದೆ, ಫೈಲು ವಾಪಸ್. ಜೊತೆಗೆ ಕೊಡಗಿನಲ್ಲಿ ಮನೆತನಕ್ಕೆ ತಲೆಮಾರಿನಿಂದ ಬರುವ ಜಮ್ಮಾ ಜಾಗದ ಗೋಜಲು: ಆರ್‌ಟಿಸಿಯಲ್ಲಿ ಒಕ್ಕದ, ಅಂದರೆ ಇಡೀ ಮನೆತನದವರ ಹೆಸರೆಲ್ಲ ಇರುತ್ತೆ, ಕಾಫಿ ತಂದು ಹಾಕುವವರು ಒಬ್ಬರೇ.

‘ಮೊದಲು ಒಬ್ಬ ಹುಡುಗ ಇದ್ದ, ಬೆಂಗಳೂರಿಗೆ ಹೋದ’ ಎಂದರು. ನಾನು ಆಗಲೂ ‘ನಾನು ಬರಲಾ?’ ಅನ್ನಲಿಲ್ಲ. ನಾಲಿಗೆ ತುದಿಯಲ್ಲೇ ಇತ್ತು. ಎರಡು ದಿನ ಬಿಟ್ಟು ಒಂದು ಪುಟ ಬರೆದು ಕಳಿಸಿದೆ. ನಕ್ಷೆ ತಿದ್ದುವ ತಂತ್ರಾಂಶ QGIS-ನಲ್ಲಿ Check Validity ಓಡಿಸಿದರೆ ಕೆಟ್ಟ ಗಡಿಗಳು ಒಂದೇ ಸಲಕ್ಕೆ ಸಿಗುತ್ತವೆ. Fix geometries ಸರಿಮಾಡುತ್ತದೆ, ಆದರೆ ಒಂದು ತೋಟವನ್ನು ಎರಡು ತುಂಡು ಮಾಡಿಬಿಡುವುದೂ ಉಂಟು, ಅಂಥದ್ದನ್ನು ಉಪಗ್ರಹ ಚಿತ್ರದ ಮೇಲಿಟ್ಟು ಕೈಯಿಂದಲೇ ತಿದ್ದಬೇಕು. ಅವರ ಫೈಲು ಕೇಳಲಿಲ್ಲ, ಅದು ಬೆಳೆಗಾರರ ಖಾಸಗಿ ಮಾಹಿತಿ. ನಮ್ಮ ತೋಟವನ್ನೇ ಸುತ್ತಿ ಉದಾಹರಣೆ ತೋರಿಸಿದೆ.

ಮರುವಾರ ಅವರೇ ಕೇಳಿದರು: ‘ನೀನು ಬೇರೆ ಕಡೆ ನೋಡ್ತಾ ಇದ್ದೀಯಾ?’ ಇಲ್ಲಿ ನಾಟಕವಾಡಬಾರದು. ‘ಹೌದಣ್ಣ, ಮಾರ್ಚಿಗೆ ಮುಗಿಯುತ್ತೆ’ ಅಂದೆ. ಆಗ ರೆಸ್ಯೂಮೆ ಅವರೇ ತರಿಸಿಕೊಂಡರು.

ಉಳಿದ ಮೂರು ಮಾತುಕತೆಗಳಲ್ಲಿ ಏನೂ ಹುಟ್ಟಲಿಲ್ಲ. ಒಬ್ಬರಂತೂ ಮೊದಲೇ ‘ನಮ್ಮಲ್ಲಿ ಜಾಗ ಇಲ್ಲಪ್ಪ’ ಅಂದರು, ವಾಟ್ಸಾಪ್ ಗುಂಪಿನ ನನ್ನ ಮೆಸೇಜು ಅವರಿಗೆ ನೆನಪಿತ್ತು. ಅರಣ್ಯ ಇಲಾಖೆಯ ಹುದ್ದೆಗಳಿಗೆ ಈ ದಾರಿಯೇ ಇಲ್ಲ, ಅಧಿಸೂಚನೆ ಬರಬೇಕು, ಪರೀಕ್ಷೆ ಬರೆಯಬೇಕು.

ಕುಶಾಲನಗರದಲ್ಲೂ ಸಂದರ್ಶನ ತಪ್ಪಲಿಲ್ಲ. ಮ್ಯಾನೇಜರು ಹೆಚ್ಚು ಪ್ರಶ್ನೆ ಕೇಳದೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ಎಂಟರ ಆಕಾರದ ಒಂದು ತೋಟ ಇತ್ತು.