ಮೂರು ಬಾಟಲಿ ಬಿಟ್ಟೆ, ಲಿವರ್ ಕೊಬ್ಬು ಇಳಿಯಿತು: ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಕಾಂಡಿಮೆಂಟ್ಸ್ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಕೂಲ್ ಡ್ರಿಂಕ್ಸ್ ಫ್ರಿಜ್. ಹನ್ನೊಂದಕ್ಕೆ ಒಂದು, ಊಟ ಆದ ಮೇಲೆ ಒಂದು, ಸಂಜೆ ಗಿರಾಕಿ ಸೇರುವ ಮೊದಲು ಒಂದು. ಎಲ್ಲ 250 ಎಂಎಲ್ ಬಾಟಲಿ. ಎಂಟು ವರ್ಷ ಹೀಗೇ ನಡೆಯಿತು. ನಾನು ಹೆಂಡ ಮುಟ್ಟಿದವನಲ್ಲ. ಆದರೂ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಬಂತು, ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ 94.

ಮೊದಲ ವರ್ಷ ಪೂರ್ತಿ ವ್ಯರ್ಥ ಮಾಡಿಕೊಂಡೆ. ಅನ್ನ ಅರ್ಧ ಮಾಡಿದೆ. ತುಪ್ಪ, ಬೆಣ್ಣೆ ದೋಸೆ ಬಿಟ್ಟೆ. ಬಾಟಲಿ ಮಾತ್ರ ಬಿಡಲಿಲ್ಲ, ಅದರಲ್ಲಿ ಜಿಡ್ಡೇ ಇಲ್ಲವಲ್ಲ ಅಂದುಕೊಂಡೆ. ಲಿವರ್ ಟಾನಿಕ್ಕು, ಮಾತ್ರೆ ಅಂತ ತಿಂಗಳಿಗೆ ಒಂಬೈನೂರರ ಹಾಗೆ ಹತ್ತು ಸಾವಿರ ಹೋಯಿತು. ಎಸ್‌ಜಿಪಿಟಿ 88ಕ್ಕೆ ಬಂತು, ಅಷ್ಟೇ. ನಡುವೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಗ್ರೇಡ್ 1 ಅಂದರು. ಮನೆಯಲ್ಲಿ ಸಿಹಿ ಹಂಚಿದೆವು. ಅದು ನೋಡುವವರ ಕಣ್ಣಿನ ಅಂದಾಜು, ಒಂದು ಗ್ರೇಡ್ ಆಚೀಚೆ ಆಗುತ್ತೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಮೂರೂವರೆ ಸಾವಿರ ಕೊಟ್ಟು ಫೈಬ್ರೋಸ್ಕ್ಯಾನ್ ಮಾಡಿಸಿದೆ. ಲಿವರ್ ಕೊಬ್ಬನ್ನು ಅಳೆಯುವ ಸಿಎಪಿ ಅಂಕಿ 318. ಕೊಬ್ಬು ಇದ್ದಲ್ಲೇ ಇತ್ತು.

ಆ ರಾತ್ರಿ ಬಾಟಲಿಯ ಲೇಬಲ್ ಓದಿ ಲೆಕ್ಕ ಹಾಕಿದೆ. ನೂರು ಎಂಎಲ್‌ಗೆ ಹತ್ತೂವರೆ ಗ್ರಾಂ ಚಿಲ್ಲರೆ ಸಕ್ಕರೆ. ಮೂರು ಬಾಟಲಿಗೆ ಸುಮಾರು 80 ಗ್ರಾಂ. ವರ್ಷಕ್ಕೆ 29 ಕೆಜಿ. ಅಂದರೆ ಅಂಗಡಿಗೆ ಬರುವ 50 ಕೆಜಿ ಮೂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ನಾನೊಬ್ಬನೇ ಕುಡಿಯುತ್ತಿದ್ದೆ. ಸಕ್ಕರೆಯ ಅರ್ಧ ಭಾಗ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯೆಲ್ಲ ಬಳಸಿಕೊಳ್ಳುತ್ತೆ, ಫ್ರಕ್ಟೋಸ್ ಹೆಚ್ಚಿನದು ಲಿವರ್‌ಗೇ ಹೋಗಿ ನಿಲ್ಲುತ್ತೆ. ಐದು ನಿಮಿಷದಲ್ಲಿ ಗಟಗಟ ಕುಡಿದರೆ ಒಟ್ಟಿಗೇ ನುಗ್ಗುತ್ತೆ. ಲಿವರ್ ಅದರಲ್ಲಿ ಒಂದಷ್ಟನ್ನು ಅಲ್ಲೇ ಕೊಬ್ಬು ಮಾಡಿಡುತ್ತೆ. ತುಪ್ಪ ಬಿಟ್ಟು ನಾನೇನು ಸಾಧಿಸಿದೆ ಹೇಳಿ.

ಆಗಲೂ ಒಂದು ತಪ್ಪು ಮಾಡಿದೆ. ಕೋಲಾ ಬಿಟ್ಟು ಮಾವಿನ ಡ್ರಿಂಕ್ ಹಿಡಿದೆ, ಹಣ್ಣಿನದಲ್ವಾ ಅಂತ. ಎರಡು ತಿಂಗಳಲ್ಲಿ ರಕ್ತದ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 240 ಇದ್ದದ್ದು 280 ಆಯಿತು. ಅದರ ಲೇಬಲ್ ನೋಡಿದರೆ ಸಕ್ಕರೆ ಕೋಲಾಗಿಂತ ಜಾಸ್ತಿ!

ಕೊನೆಗೆ ಕುಡಿಯುವ ಸಿಹಿಯನ್ನೆಲ್ಲ ನಿಲ್ಲಿಸಿದೆ. ಬಾಟಲಿ, ಜ್ಯೂಸ್, ಕಬ್ಬಿನ ಹಾಲು, ಷರಬತ್ತು, ಯಾವುದೂ ಇಲ್ಲ. ಟೀಗೆ ಅರ್ಧ ಚಮಚ ಸಕ್ಕರೆ ಇಟ್ಟುಕೊಂಡೆ. ಅನ್ನ, ಮುದ್ದೆ, ತುಪ್ಪ ಎಲ್ಲ ಮೊದಲಿನ ಹಾಗೇ ಶುರು ಮಾಡಿದೆ. ಮಾತ್ರೆ ನಿಲ್ಲಿಸುತ್ತೇನೆ ಅಂತ ಡಾಕ್ಟರ್‌ಗೆ ಹೇಳಿಯೇ ನಿಲ್ಲಿಸಿದೆ.

ಭಾವ ನಂಬಲಿಲ್ಲ. "ಊಟ ಕಡಿಮೆ ಮಾಡದೆ ಲಿವರ್ ಕೊಬ್ಬು ಹೇಗ್ರೀ ಕರಗುತ್ತೆ? ಕ್ಯಾಲರಿ ಯಾವುದಾದರೇನು?" ಅಂದರು. ಡೆನ್ಮಾರ್ಕಿನಲ್ಲಿ ಕೆಲವರಿಗೆ ದಿನಾ ಒಂದು ಲೀಟರ್ ಕೋಲಾ, ಕೆಲವರಿಗೆ ಅಷ್ಟೇ ಕ್ಯಾಲರಿಯ ಹಾಲು ಆರು ತಿಂಗಳು ಕೊಟ್ಟು ನೋಡಿದ್ದಾರೆ. ಲಿವರ್ ಕೊಬ್ಬು ಏರಿದ್ದು ಕೋಲಾ ಕುಡಿದವರಿಗೆ. ಅದನ್ನು ಹೇಳಿದರೂ ಭಾವ ತಲೆ ಅಲ್ಲಾಡಿಸಿದರು.

ಮೊದಲ ಹತ್ತು ದಿನ ಕಷ್ಟ. ಸಂಜೆ ನಾಲ್ಕಕ್ಕೆ ತಲೆ ಸಿಡಿಯುತ್ತಿತ್ತು. ಕೋಲಾದಲ್ಲಿದ್ದ ಕೆಫೀನ್ ತಪ್ಪಿದ್ದಕ್ಕೆ ಇರಬೇಕು, ಆ ಹೊತ್ತಿಗೆ ಒಂದು ಟೀ ಕುಡಿದರೆ ಸರಿ ಹೋಗುತ್ತಿತ್ತು. ಬಾಯಿ ಚಪಲಕ್ಕೆ ನಾನೇ ಒಂದು ಮಸಾಲೆ ಮಜ್ಜಿಗೆ ಕಂಡುಕೊಂಡೆ. ಅದರ ಮಸಾಲೆ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಈಗ ಅಂಗಡಿಯಲ್ಲಿ ದಿನಕ್ಕೆ ನಲವತ್ತು ಲೋಟ ಹೋಗುತ್ತೆ.

ಐದು ತಿಂಗಳಿಗೆ ಎಸ್‌ಜಿಪಿಟಿ 39. ಟ್ರೈಗ್ಲಿಸರೈಡ್ 150ರ ಆಸುಪಾಸು. ಸಿಎಪಿ 255ರ ಹತ್ತಿರ. ತೂಕ ನಾಲ್ಕು ಕೆಜಿ ಇಳಿದಿತ್ತು, ಅದರ ಪಾಲೂ ಇದರಲ್ಲಿದೆ. ನಾನು ಎದುರು ನೋಡದೇ ಇದ್ದದ್ದು ಯೂರಿಕ್ ಆಸಿಡ್. 8 ದಾಟಿದ್ದು ಆರೂವರೆಗೆ ಬಂತು. ಫ್ರಕ್ಟೋಸ್ ಒಡೆಯುವಾಗ ಲಿವರ್‌ನಲ್ಲಿ ಯೂರಿಕ್ ಆಸಿಡ್ ಹುಟ್ಟುತ್ತಂತೆ. ನಿಮ್ಮ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್, ಯೂರಿಕ್ ಆಸಿಡ್ ಎರಡೂ ಜಾಸ್ತಿ ಇದ್ದರೆ ಮೊದಲು ಏನು ಕುಡಿಯುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಸುಮ್ನೆ ಪರೀಕ್ಷೆಗೆ ಅಂತ ಒಂದು ತಿಂಗಳು ದಿನಾ ಎರಡು ಮೋಸಂಬಿ ಸುಲಿದು ತಿಂದೆ. ಏನೂ ಏರಲಿಲ್ಲ. ಫ್ರಕ್ಟೋಸ್ ನಾರಿನ ಜೊತೆ ನಿಧಾನವಾಗಿ ಹೋಗುತ್ತೆ, ಇಡೀ ಹಣ್ಣಿನಲ್ಲಿ ಇರುವುದೂ ಕಡಿಮೆ. ಅದನ್ನೇ ನಾಲ್ಕು ಹಿಂಡಿ ಜ್ಯೂಸ್ ಮಾಡಿದರೆ ಮಾತು ಬೇರೆ.

ನನ್ನ ಫೈಬ್ರೋಸ್ಕ್ಯಾನ್‌ನಲ್ಲಿ ಲಿವರ್ ಗಟ್ಟಿಯಾಗಿರಲಿಲ್ಲ, ಗಟ್ಟಿತನದ ಅಳತೆ ಕೆಪಿಎ ಆರರ ಒಳಗಿತ್ತು.  ಅದು ಎಂಟು ದಾಟಿದ್ದರೆ ಬಾಟಲಿ ಬಿಟ್ಟು ಸುಮ್ಮನೆ ಕೂರಬೇಡಿ, ಲಿವರ್ ಡಾಕ್ಟರನ್ನೇ ನೋಡಿ. ಕಳೆದ ತಿಂಗಳು ಭಾವನ ಸ್ಕ್ಯಾನಿಂಗ್‌ನಲ್ಲೂ ಗ್ರೇಡ್ 2 ಬಂದಿದೆ. ಈಗ ಸಂಜೆ ನಾಲ್ಕಕ್ಕೆ ಮಜ್ಜಿಗೆಗೆ ನಮ್ಮ ಅಂಗಡಿಗೇ ಬರುತ್ತಾರೆ.