ಅಂಟಿಸಿದ ಫೋಟೋ ಅಚ್ಚಿನಲ್ಲಿ ಒಡೆದದ್ದು

ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಆಮಂತ್ರಣ ಪತ್ರಿಕೆ ನಾವು ಸಿದ್ಧಮಾಡುತ್ತೇವೆ, ಅಚ್ಚು ಬೇರೆ ಪ್ರೆಸ್ಸಿನಲ್ಲಿ. ದಿನವಿಡೀ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದೇ ಇರುತ್ತದೆ.

ಗಿರಾಕಿಗೆ ಪ್ರೂಫ್ ತೋರಿಸುವಾಗ ನಾನು ಫೈಲ್ ಸೇವ್ ಮಾಡುವ ಗೋಜಿಗೇ ಹೋಗುವುದಿಲ್ಲ. `Win + Shift + S` ಒತ್ತಿ, ಬೇಕಾದ ಭಾಗದ ಮೇಲೆ ಮೌಸ್ ಎಳೆದು, ಚಾಟ್ ಬಾಕ್ಸಿನಲ್ಲಿ `Ctrl + V`. ಚಿತ್ರ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಕೆಳಗೆ "ಮುಹೂರ್ತದ ಸಮಯ ನೋಡಿ ಹೇಳಿ" ಎಂದು ಬರೆದು ಎಂಟರ್. ಹತ್ತು ಸಲ ತಿದ್ದಿದರೂ ಡೆಸ್ಕ್‌ಟಾಪಿನಲ್ಲಿ ಒಂದೂ ಕಸ ಉಳಿಯುವುದಿಲ್ಲ. ಎಂಟರ್ ಒತ್ತುವ ಮೊದಲು ಚಿತ್ರ ನೋಡಲೇಬೇಕು. ಕಾಪಿ ಸರಿಯಾಗಿ ಆಗಿರದಿದ್ದರೆ ಹಿಂದಿನ ಗಿರಾಕಿಯ ಪತ್ರಿಕೆಯೇ ಬಂದು ಕೂತಿರುತ್ತದೆ.

ಈ ಅಭ್ಯಾಸವೇ ಒಮ್ಮೆ ಕೈಕೊಟ್ಟಿತು. ಒಬ್ಬರು ತಂದೆ-ತಾಯಿಯ ಷಷ್ಟ್ಯಬ್ದಿಗೆಂದು ಒಳ್ಳೆಯ ಫೋಟೋ ಮೇಲ್ ಮಾಡಿದ್ದರು, 3000×4000 ಪಿಕ್ಸೆಲ್. ಪ್ರೆಸ್ಸಿನವರು "ಫೋಟೋ ಒಂದು ಕಳಿಸಿ ಸಾರ್, ಪೇಜಲ್ಲಿ ನಾವೇ ಕೂರಿಸ್ತೀವಿ" ಅಂದರು. ಅವಸರದಲ್ಲಿ ಪರದೆಯ ಮೇಲಿದ್ದ ಫೋಟೋವನ್ನೇ ಕತ್ತರಿಸಿ ಅಂಟಿಸಿಬಿಟ್ಟೆ. ಅರ್ಧ ಗಂಟೆಗೆ ಫೋನು: "ಫೋಟೋ ಒಡೀತಿದೆ ಸಾರ್."

ಒಡೆಯದೆ ಇನ್ನೇನು? ನನ್ನ ಮಾನಿಟರ್ 1366×768. ಅದರಲ್ಲಿ ಆ ಫೋಟೋ ಕುಗ್ಗಿ ಸುಮಾರು 525×700 ಪಿಕ್ಸೆಲ್ಲಿನಷ್ಟು ಜಾಗದಲ್ಲಿ ಕಾಣುತ್ತಿತ್ತು. ಸ್ಕ್ರೀನ್‌ಶಾಟ್ ಹಿಡಿಯುವುದು ಕಂಡಷ್ಟನ್ನೇ. ಮೂಲ ಫೈಲಿಗೂ ಅದಕ್ಕೂ ಸಂಬಂಧವಿಲ್ಲ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಪತ್ರಿಕೆಯಲ್ಲಿ ಫೋಟೋ 6×8 ಇಂಚು, ಅಂದರೆ 1800×2400 ಪಿಕ್ಸೆಲ್. ನಾನು ಕಳಿಸಿದ್ದು ಎರಡು ಇಂಚು ಅಗಲಕ್ಕೂ ಸಾಲದು.

ಬ್ರೌಸರಿನಲ್ಲಿ ರೈಟ್ ಕ್ಲಿಕ್ ಮಾಡಿ `Copy image` ಕೊಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲ ನಿಜ. ಆದರೆ ಮೇಲ್ ತೋರಿಸುವುದು ಎಷ್ಟೋ ಸಲ ಕುಗ್ಗಿಸಿದ ಪ್ರತಿಯನ್ನೇ, ಕಾಪಿಯಾಗುವುದೂ ಅದೇ. ಫೋಲ್ಡರಿನಿಂದ ಫೈಲನ್ನೇ ಕಾಪಿ ಮಾಡಿ ಅಂಟಿಸಿದರೆ ಫೈಲೇ ಹೋಗುತ್ತದೆ, ಆದರೆ ಚಾಟ್ ಅದನ್ನು ಫೋಟೋ ಎಂದು ಹಿಡಿದು ಕುಗ್ಗಿಸಬಹುದು.

ಹಾಗಾಗಿ ಪ್ರೆಸ್ಸಿಗೆ ಹೋಗುವುದೆಲ್ಲ ಈಗ ಅಟ್ಯಾಚ್ ಬಟನ್ನಿನಿಂದಲೇ. ಅದರಲ್ಲೂ ಫೋಟೋ ಅಲ್ಲ, ಡಾಕ್ಯುಮೆಂಟ್ ಎಂಬುದನ್ನು ಒತ್ತಬೇಕು. ಫೋಟೋ ಒತ್ತಿದರೆ ಚಿತ್ರ ಕುಗ್ಗುತ್ತದೆ; ಡಾಕ್ಯುಮೆಂಟಿನಲ್ಲಿ ಹೆಸರು, ಅಳತೆ ಎಲ್ಲ ಇದ್ದಂತೆಯೇ ಹೋಗುತ್ತವೆ. ಅನುಮಾನ ಬಂದರೆ ಇಳಿಸಿಕೊಂಡ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Properties`ನ `Details` ತೆರೆದರೆ ಪಿಕ್ಸೆಲ್ ಲೆಕ್ಕ ಕಾಣುತ್ತದೆ.

ಗಿರಾಕಿಗೆ ಮಾತ್ರ ಈಗಲೂ ಅಂಟಿಸಿದ್ದೇ. ಒಬ್ಬರು ನನ್ನ ಪ್ರೂಫನ್ನೇ ಬೇರೆ ಕಡೆ ಅಚ್ಚುಹಾಕಿಸಲು ಒಯ್ದಿದ್ದರು. ಮರುದಿನ ವಾಪಸ್ ಬಂದು, "ಅಲ್ಲಿ ಫೋಟೋ ಒಡೀತಂತೆ" ಅಂದರು.