ಮುಖ ತೊಳೆಯುವ ಬ್ರಷ್: ನಿಜಕ್ಕೂ ಬೇಕಾ? ಮನೆಯಲ್ಲಿದ್ದರೆ ಚೊಕ್ಕಟವಾಗಿಡುವುದು ಹೇಗೆ?

ಮುಖ ತೊಳೆಯಲು ಮಷೀನ್ ಬೇಕೇ ಬೇಕಾ? ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆರಳ ತುದಿ, ಉಗುರುಬೆಚ್ಚಗಿನ ನೀರು, ಉರಿಸದ ಒಂದು ಫೇಸ್‌ವಾಶ್, ಇಷ್ಟಿದ್ದರೆ ದಿನದ ಧೂಳು, ಬೆವರು, ಎಣ್ಣೆ ಎಲ್ಲಾ ಹೋಗುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿಯವರು ಜನರಿಗೆ ಹೇಳುವುದೂ ಇದನ್ನೇ: ಬೆರಳಿನಿಂದ ತೊಳೆಯಿರಿ, ಉಜ್ಜಬೇಡಿ.

ಆದರೂ ಬ್ರಷ್ ಈಗ ತುಂಬ ಮನೆಗಳಿಗೆ ಬಂದಿದೆ. ಯಾರೋ ಉಡುಗೊರೆ ಕೊಟ್ಟಿರುತ್ತಾರೆ, ಇಲ್ಲಾಂದ್ರೆ ಆನ್‌ಲೈನ್ ಸೇಲ್‌ನಲ್ಲಿ ತಗೊಂಡಿರುತ್ತೇವೆ. ಹಾಗಾಗಿ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ, ಅದಕ್ಕಿಂತ ಮುಖ್ಯವಾಗಿ ಅದರ ತಲೆಯನ್ನು, ಅಂದರೆ ಬಿರುಗೂದಲಿನ ಹೆಡ್ ಅನ್ನು, ಹೇಗೆ ತೊಳೆದು ಒಣಗಿಸಬೇಕು ಅಂತ ನೋಡೋಣ.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಥರ. ಸೆಲ್ ಹಾಕಿ ಓಡಿಸುವ ಅಗ್ಗದ ಬ್ರಷ್ ಫ್ಯಾನಿನ ಹಾಗೆ ಒಂದೇ ದಿಕ್ಕಿಗೆ ಗಿರಗಿರ ತಿರುಗುತ್ತದೆ, ಚರ್ಮವನ್ನು ಎಳೆಯುತ್ತದೆ. ಸೋನಿಕ್ ಬ್ರಷ್ ಪೂರ್ತಿ ಸುತ್ತುವುದಿಲ್ಲ, ಇದ್ದಲ್ಲೇ ಸೆಕೆಂಡಿಗೆ ನೂರಾರು ಸಲ ಆಚೀಚೆ ನಡುಗುತ್ತದೆ. ಹಾಗಾಗಿ ಎಳೆತ ಕಡಿಮೆ. ಮೂರನೆಯದು ಸಿಲಿಕೋನ್ ಸಾಧನ, ಅದರಲ್ಲಿ ಕೂದಲಿನ ಬದಲು ಮೆತ್ತಗಿನ ರಬ್ಬರಿನಂಥ ಮೊಳಕೆಗಳಿರುತ್ತವೆ.

ಇವುಗಳಲ್ಲಿ ಯಾವುದೂ ಬ್ಲ್ಯಾಕ್‌ಹೆಡ್ ಅನ್ನು ಬೇರು ಸಮೇತ ತೆಗೆಯುವುದಿಲ್ಲ. ಮೂಗಿನ ಮೇಲಿನ ಆ ಕಪ್ಪು ಚುಕ್ಕಿ ಕೊಳೆ ಅಲ್ಲ. ರಂಧ್ರದೊಳಗೆ ಎಣ್ಣೆ ಮತ್ತು ಸತ್ತ ಚರ್ಮ ಸೇರಿ ಕಟ್ಟಿಕೊಂಡ ಬಿರಡೆ, ಗಾಳಿ ತಾಗಿ ತುದಿ ಕಪ್ಪಾಗಿರುತ್ತದೆ ಅಷ್ಟೇ. ಕೂದಲಿನ ತುದಿ ಅಷ್ಟು ಒಳಗೆ ಹೋಗುವುದೇ ಇಲ್ಲ. ಅದಕ್ಕೆ ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್ ಅಥವಾ ಡಾಕ್ಟರು ಕೊಡುವ ಅಡಾಪಲೀನ್‌ನಂಥ ಜೆಲ್ ಹೆಚ್ಚು ಕೆಲಸ ಮಾಡುತ್ತದೆ. ಮೊಡವೆಯೂ ಹಾಗೆಯೇ, ಅದು ಮುಖ ಸರಿಯಾಗಿ ತೊಳೆಯದೆ ಬರುವ ಕಾಯಿಲೆ ಅಲ್ಲ, ಉಜ್ಜಿದಷ್ಟೂ ಕೆಂಪಾಗುತ್ತದೆ.

ನಮ್ಮ ಚರ್ಮಕ್ಕೆ ಇನ್ನೊಂದು ತೊಂದರೆ ಇದೆ. ಕಂದು ಮೈಬಣ್ಣದಲ್ಲಿ ಸಣ್ಣ ಗೀರಾದರೂ, ಉರಿ ಬಂದರೂ, ಅದು ವಾಸಿಯಾದ ಮೇಲೆ ಕಪ್ಪು ಕಲೆ ಉಳಿದುಬಿಡುತ್ತದೆ. ಕಲೆ ಹೋಗಲು ತಿಂಗಳುಗಟ್ಟಲೆ ಬೇಕು. ಆ ಕಲೆಯನ್ನು ನೋಡಿ "ಇನ್ನೂ ಕೊಳೆ ಹೋಗಿಲ್ಲ" ಅಂದುಕೊಂಡು ಮತ್ತೆ ಬ್ರಷ್ ಹಿಡಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಯಾರಿಗೆ ಉಪಯೋಗ? ದಿನಾ ದಪ್ಪ ಮೇಕಪ್ ಹಾಕುವವರಿಗೆ, ನೀರಿಗೆ ಹೋಗದ ಸನ್‌ಸ್ಕ್ರೀನ್ ಬಳಸುವವರಿಗೆ ಸ್ವಲ್ಪ ಇರಬಹುದು. ಅವರೂ ಮೊದಲು ಕ್ಲೆನ್ಸಿಂಗ್ ಆಯಿಲ್‌ನಲ್ಲಿ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಿದರೆ ಬಹುತೇಕ ಬ್ರಷ್ಷಿನ ಅಗತ್ಯವೇ ಬೀಳುವುದಿಲ್ಲ.

ನಿಮಗೆ ಬೇಕೋ ಬೇಡವೋ ಅಂತ ತಿಳಿಯಲು ಅರ್ಧ ಮುಖದ ಪರೀಕ್ಷೆ ಮಾಡಿ. ಎರಡು ವಾರ, ದಿನ ಬಿಟ್ಟು ದಿನ, ರಾತ್ರಿ ಹೊತ್ತು ಎಡಕೆನ್ನೆಗೆ ಬ್ರಷ್, ಬಲಕೆನ್ನೆಗೆ ಬೆರಳು. ಎರಡಕ್ಕೂ ಒಂದೇ ಫೇಸ್‌ವಾಶ್. ಆಮೇಲೆ ಮಾಯಿಶ್ಚರೈಸರ್ ಹಚ್ಚುವಾಗ ಗಮನಿಸಿ. ಎಡಗಡೆ ಚುರುಚುರು ಅಂದರೆ, ತೊಳೆದು ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ, ಚರ್ಮ ಬಿಗಿದ ಹಾಗಿದ್ದರೆ, ನಿಮಗೆ ಬ್ರಷ್ ಆಗಿಬರುವುದಿಲ್ಲ ಅಂತಲೇ ಅರ್ಥ. ಎರಡು ಕೆನ್ನೆಗೂ ವ್ಯತ್ಯಾಸ ಕಾಣಿಸದಿದ್ದರೂ ಉತ್ತರ ಸಿಕ್ಕಿತಲ್ವಾ, ಸುಮ್ನೆ ಯಾಕೆ ದುಡ್ಡು?

ಅಡಾಪಲೀನ್, ಟ್ರೆಟಿನಾಯಿನ್, ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುತ್ತಿರುವವರು, ಕೆಂಪಗೆ ಊದಿದ ಮೊಡವೆ ಇರುವವರು, ಎಕ್ಸಿಮಾ ಇರುವವರು ಈ ಪರೀಕ್ಷೆಯನ್ನೂ ಮಾಡಬೇಡಿ. ಥ್ರೆಡಿಂಗ್, ವ್ಯಾಕ್ಸಿಂಗ್, ಪೀಲ್ ಮಾಡಿಸಿಕೊಂಡ ಚರ್ಮ ಪೂರ್ತಿ ವಾಸಿಯಾಗುವ ತನಕವೂ ಬೇಡ.

ಬಳಸುವುದಾದರೆ

ದಿನಕ್ಕೆ ಒಂದೇ ಸಲ, ಅದೂ ರಾತ್ರಿ. ಶುರುವಿನಲ್ಲಿ ವಾರಕ್ಕೆ ಎರಡು ಸಲ ಸಾಕು. ಮೊದಲು ಕೈ ತೊಳೆಯಿರಿ, ಮುಖ ಒದ್ದೆ ಮಾಡಿ, ಫೇಸ್‌ವಾಶನ್ನು ಮುಖಕ್ಕೇ ಹಚ್ಚಿ. ಸ್ಕ್ರಬ್ ಕಾಳುಗಳಿರುವ ಫೇಸ್‌ವಾಶ್ ಬೇಡ, ಬ್ರಷ್ ಮತ್ತು ಕಾಳು ಎರಡೂ ಸೇರಿದರೆ ಚರ್ಮ ತರಚುತ್ತದೆ. ಹಣೆಗೆ 20 ಸೆಕೆಂಡ್, ಮೂಗು ಮತ್ತು ಗಲ್ಲಕ್ಕೆ 20, ಒಂದೊಂದು ಕೆನ್ನೆಗೆ 10. ಒಟ್ಟು ಒಂದು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಕಣ್ಣಿನ ಸುತ್ತ ಹೋಗಲೇಬೇಡಿ.

ಒತ್ತುವುದು ಎಲ್ಲರೂ ಮಾಡುವ ತಪ್ಪು. ಕೂದಲು ಬಾಗಬಾರದು, ತುದಿ ಮಾತ್ರ ತಾಗಬೇಕು. ಕನ್ನಡಿಯಲ್ಲಿ ನೋಡಿದಾಗ ಕೂದಲು ಹೊರಗೆ ಹರಡಿಕೊಂಡಂತೆ ಕಂಡರೆ ನೀವು ಒತ್ತುತ್ತಿದ್ದೀರಿ. ಹೊಸ ಹೆಡ್ ಅನ್ನು ಮೊದಲು ಮುಂಗೈ ಒಳಬದಿಗೆ ಒಣಗಿರುವಾಗಲೇ ಸವರಿ ನೋಡಿ. ಚುಚ್ಚಿದರೆ ಮುಖಕ್ಕೆ ಬೇಡ. ಅಗ್ಗದ ಬ್ರಷ್ಷಿನಲ್ಲಿ ಕೂದಲಿನ ತುದಿಯನ್ನು ದುಂಡಗೆ ಮಾಡಿರುವುದಿಲ್ಲ, ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ.

ಕೊಳೆ ಕೂರುವುದು ಬುಡದಲ್ಲಿ

ನನ್ನ ಅಕ್ಕನ ಮಗಳು ಮಂಗಳೂರಿನಲ್ಲಿ ಪಿಜಿಯಲ್ಲಿದ್ದಾಳೆ. ಕಳೆದ ಮಳೆಗಾಲದಲ್ಲಿ ಹಣೆ ಮತ್ತು ಕೆನ್ನೆಯ ತುಂಬಾ ಸಣ್ಣ ಸಣ್ಣ ಗುಳ್ಳೆ ಎದ್ದು ಕಡಿತ ಶುರುವಾಯಿತು. "ಚಿಕ್ಕಮ್ಮ, ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಬ್ರಷ್ ಹಾಕಿ ತೊಳೀತೀನಿ, ಆದರೂ ಹೀಗೆ" ಅಂದಳು. ಬ್ರಷ್ ತರಿಸಿ ನೋಡಿದೆ. ಮೇಲಿನಿಂದ ಬೆಳ್ಳಗೆ, ಚೆನ್ನಾಗಿಯೇ ಇತ್ತು. ಎರಡು ಹೆಬ್ಬೆರಳಿನಿಂದ ಕೂದಲನ್ನು ಬಿಡಿಸಿ ಬುಡ ನೋಡಿದರೆ ಬೂದುಬಣ್ಣದ ಲೋಳೆ, ಉಗುರಿಗೆ ಅಂಟುವಷ್ಟು. ಹೆಡ್ ಬಿಚ್ಚಿದಾಗ ಹಿಂಬದಿಯಲ್ಲಿ ತೆಳು ಗುಲಾಬಿ ಪಸೆ. ತೊಳೆದ ತಕ್ಷಣ ಪ್ಲಾಸ್ಟಿಕ್ ಮುಚ್ಚಳ ಹಾಕಿ ಬಾತ್‌ರೂಮಿನ ಶೆಲ್ಫಿನಲ್ಲಿಡುತ್ತಿದ್ದಳಂತೆ. ಜೂನ್ ತಿಂಗಳ ಮಂಗಳೂರು, ಮುಚ್ಚಿದ ಬಾತ್‌ರೂಮು, ಮೇಲೆ ಮುಚ್ಚಳ. ಅದು ಒಣಗುವುದಾದರೂ ಹೇಗೆ? ಜೊತೆಗೆ ಅಡಾಪಲೀನ್ ಜೆಲ್ ಬೇರೆ ಹಚ್ಚುತ್ತಿದ್ದಳು.

ಗುಳ್ಳೆ ಎದ್ದಿದ್ದು ಲೋಳೆಯಿಂದಲೋ ಉಜ್ಜಾಟದಿಂದಲೋ ಅಂತ ಬಿಡಿಸಿ ಹೇಳಲು ಆಗುವುದಿಲ್ಲ, ಎರಡೂ ಸೇರಿದ್ದವು. ಡಾಕ್ಟರು ಬ್ರಷ್ ನಿಲ್ಲಿಸಿ ಅಂದರು, ಜೆಲ್ ಅನ್ನು ಸ್ವಲ್ಪ ದಿನ ಬಿಡಿಸಿದರು, ಕಡಿತಕ್ಕೆ ಔಷಧಿ ಕೊಟ್ಟರು. ಗುಳ್ಳೆ ಇಳಿಯಿತು. ಹೆಡ್ ಕಸದ ಬುಟ್ಟಿಗೆ ಹೋಯಿತು.

ನೈಲಾನ್ ಕೂದಲು ನೀರು ಕುಡಿಯುವುದು ಕಡಿಮೆ. ತೊಂದರೆ ಇರುವುದು ಕೂದಲಿನ ಗೊಂಚಲು ಪ್ಲಾಸ್ಟಿಕ್ಕಿಗೆ ಸೇರುವ ಜಾಗದಲ್ಲಿ. ಅಲ್ಲಿ ಎಣ್ಣೆ, ಸತ್ತ ಚರ್ಮ, ಫೇಸ್‌ವಾಶ್ ಅಂಟಿಕೊಂಡು ನೀರೂ ನಿಂತರೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಪದರ ಕಟ್ಟುತ್ತವೆ. ಆ ಪದರ ಕಟ್ಟಿದ ಮೇಲೆ ಬರೀ ನೀರು ಹಾಯಿಸಿದರೆ ಹೋಗುವುದಿಲ್ಲ.

ಪ್ರತಿ ಸಲ ಬಳಸಿದ ಮೇಲೆ

ಮಷೀನ್ ಆಫ್ ಮಾಡಿ, ಕೂದಲು ಕೆಳಮುಖವಾಗಿರುವಂತೆ ನಲ್ಲಿಯ ಕೆಳಗೆ ಹಿಡಿಯಿರಿ. ಬೆರಳಿನಿಂದ ಬಿಡಿಸುತ್ತಾ ನೊರೆ ಪೂರ್ತಿ ಹೋಗುವವರೆಗೂ ತೊಳೆಯಿರಿ. ನೀರು ಕೊಡವಿ, ಮಷೀನ್ ಆನ್ ಮಾಡಿ ಒಣಗಿದ ಚೊಕ್ಕ ಟವಲ್ ಮೇಲೆ ಐದಾರು ಸೆಕೆಂಡ್ ಆಡಿಸಿ, ಒಳಗಿನ ನೀರು ಹೊರಗೆ ಬರುತ್ತದೆ. ಆಮೇಲೆ ಹೆಡ್ ಬಿಚ್ಚಿ, ಹಿಂಬದಿ ಒರೆಸಿ, ಹಿಡಿಯ ಮೇಲೆ ಅದು ಕೂರುವ ಗುಂಡಿಯನ್ನೂ ಒರೆಸಿ. ಈ ಕೊನೆಯ ಕೆಲಸವನ್ನು ಹೆಚ್ಚಿನವರು ಬಿಡುತ್ತಾರೆ. ಗುಲಾಬಿ ಪಸೆ ಹುಟ್ಟುವುದೇ ಅಲ್ಲಿ.

ಹೆಡ್ ಅನ್ನು ಬಾತ್‌ರೂಮಿನ ಹೊರಗೆ, ಗಾಳಿ ಆಡುವ ಜಾಗದಲ್ಲಿ ಮಗ್ಗುಲಾಗಿ ಇಡಿ. ಕೂದಲು ಮೇಲ್ಮುಖವಾಗಿಟ್ಟರೆ ನೀರು ಮತ್ತೆ ಬುಡಕ್ಕೇ ಇಳಿಯುತ್ತದೆ. ಮುಚ್ಚಳ ಪ್ರಯಾಣಕ್ಕೆ ಮಾತ್ರ, ಅದೂ ಪೂರ್ತಿ ಒಣಗಿದ ಮೇಲೆ. ಮಳೆಗಾಲವಾದರೆ ಫ್ಯಾನಿನ ಕೆಳಗಿಡಿ. ಒಣಗಿದೆಯಾ ಅಂತ ನೋಡಲು ಮುಂದಿನ ಸಲ ಬಳಸುವ ಮೊದಲು ಟಿಶ್ಯೂ ಪೇಪರನ್ನು ಬುಡದವರೆಗೂ ಒತ್ತಿ ಹಿಡಿಯಿರಿ. ಪೇಪರಿಗೆ ಪಸೆ ಬಂದರೆ ಆ ದಿನ ಬೆರಳಲ್ಲೇ ತೊಳೆಯಿರಿ. ಪದೇ ಪದೇ ಹೀಗಾದರೆ ಎರಡು ಹೆಡ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ.

ವಾರಕ್ಕೊಮ್ಮೆ

ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಬೇಬಿ ಶಾಂಪೂ ಹಾಕಿ ಹೆಡ್ ಅನ್ನು ಒಂದೆರಡು ನಿಮಿಷ ಅದ್ದಿ. ಇದಕ್ಕಂತಲೇ ಇಟ್ಟ ಮೆತ್ತಗಿನ ಟೂತ್‌ಬ್ರಷ್‌ನಿಂದ ಬುಡವನ್ನೂ ಹಿಂಬದಿಯನ್ನೂ ಉಜ್ಜಿ, ಚೆನ್ನಾಗಿ ತೊಳೆದು ಟವಲ್‌ನಲ್ಲಿ ಒತ್ತಿ. ಆಮೇಲೆ 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ, ಗಾಳಿಗಿಡಿ. ಒಲೆ, ದೀಪದ ಹತ್ತಿರ ಬೇಡ. 99% ತಗೊಂಡರೆ ಇನ್ನೂ ಒಳ್ಳೆಯದು ಅನ್ನಿಸಬಹುದು, ಆದರೆ ಅದು ಬೇಗ ಹಾರಿಹೋಗುತ್ತದೆ. ಸೂಕ್ಷ್ಮಜೀವಿಯನ್ನು ಕೊಲ್ಲಲು ಸ್ವಲ್ಪ ನೀರಿನಂಶವೂ ಬೇಕು. ಜೆಲ್ ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್, ಪರಿಮಳ ಕೂದಲಲ್ಲೇ ಉಳಿಯುತ್ತದೆ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ, ಲೋಳೆ ಇರುವಾಗ ಆಲ್ಕೋಹಾಲ್ ಒಳಗೆ ಇಳಿಯುವುದಿಲ್ಲ.

ಬೆಂಗಳೂರಿನ ಬೋರ್‌ವೆಲ್ ನೀರಾದರೆ ಬುಡದಲ್ಲಿ ಬಿಳಿ ಪುಡಿಯ ಪದರ ಕಟ್ಟುತ್ತದೆ, ಅದು ಬೂಷ್ಟಲ್ಲ, ಗಡಸು ನೀರಿನ ಸುಣ್ಣ. ಒಂದು ಕಪ್ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿ ಹತ್ತು ನಿಮಿಷ ಅದ್ದಿದರೆ ಬಿಡುತ್ತದೆ. ಕುದಿಸುವುದು, ಬ್ಲೀಚ್ ಹಾಕುವುದು ಬೇಡ. ಕೂದಲು ಸೊಟ್ಟಗಾಗುತ್ತದೆ, ಬ್ಲೀಚ್ ಉಳಿದರೆ ಮುಖ ಉರಿಯುತ್ತದೆ.

ಸಿಲಿಕೋನಿಗೆ ಇಷ್ಟೆಲ್ಲಾ ಬೇಡ. ಸೋಪು ನೀರಲ್ಲಿ ತೊಳೆದು ಒರೆಸಿದರೆ ಬೇಗ ಒಣಗುತ್ತದೆ, ಮೊಳಕೆಗಳ ಬುಡ ಮತ್ತು ಆನ್-ಆಫ್ ಬಟನ್ನಿನ ಅಂಚು ಮಾತ್ರ ಉಜ್ಜಿ. ಅದಕ್ಕೆ ಆಲ್ಕೋಹಾಲ್ ಹಾಕಬೇಡಿ, ಸಿಲಿಕೋನ್ ಕೆಡಬಹುದು.

ಯಾವಾಗ ಎಸೆಯಬೇಕು

ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹೆಡ್ ಬದಲಿಸಿ. ಕೂದಲು ಬಾಗಿದರೆ, ಬುಡದಲ್ಲಿ ಕಪ್ಪು ಚುಕ್ಕಿ ಕಂಡರೆ, ತೊಳೆದು ಒಣಗಿಸಿದ ಮೇಲೂ ಮುಗ್ಗಲು ವಾಸನೆ ಬಂದರೆ ಅಷ್ಟು ದಿನ ಕಾಯಬೇಡಿ. ಮುಖದಲ್ಲಿ ಕೀವು ಗುಳ್ಳೆ, ತುಟಿಯ ಹರ್ಪಿಸ್ ಹುಣ್ಣು, ನರಹುಲಿ, ಹುಳುಕಡ್ಡಿ ಆಗಿದ್ದಾಗ ಬಳಸಿದ ಹೆಡ್ ಅನ್ನು ತೊಳೆಯುವ ಗೋಜಿಗೇ ಹೋಗದೆ ಎಸೆಯಿರಿ. ಅಕ್ಕ ತಂಗಿಯರಾದರೂ ಹೆಡ್ ಬೇರೆ ಬೇರೆ ಇರಬೇಕು. ಹುಳುಕಡ್ಡಿ ಈಗ ನಮ್ಮಲ್ಲಿ ಎಷ್ಟು ಹರಡಿದೆ ಅಂದರೆ, ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲಾ ಹತ್ತುತ್ತಿದೆ.

ಕೊಳ್ಳುವ ಮೊದಲು ಬಿಡಿ ಹೆಡ್ ಸಿಗುತ್ತದಾ, ಎಷ್ಟು ಬೆಲೆ ಅಂತ ನೋಡಿ. ಅಮೆರಿಕದಲ್ಲಿ ಸೋನಿಕ್ ಬ್ರಷ್ಷನ್ನು ಮನೆಮಾತಾಗಿಸಿದ ಕ್ಲಾರಿಸೋನಿಕ್ 2020ರಲ್ಲಿ ಮುಚ್ಚಿತು. ಮಷೀನ್ ಇನ್ನೂ ಚೆನ್ನಾಗಿ ಓಡುತ್ತಿದ್ದವರಿಗೂ ಆಮೇಲೆ ಕಂಪನಿಯಿಂದ ಹೊಸ ಹೆಡ್ ಬರುವುದು ನಿಂತಿತು. ಅಗ್ಗದ ಎಷ್ಟೋ ಬ್ರಷ್ಷುಗಳಿಗೆ ಬಿಡಿ ಹೆಡ್ಡೇ ಮಾರುವುದಿಲ್ಲ. ಅಂಥದ್ದು ತಗೊಂಡರೆ ಮೂರು ತಿಂಗಳಿಗೆ ಇಡೀ ಬ್ರಷ್ಷನ್ನೇ ಎಸೆಯಬೇಕಾಗುತ್ತದೆ.